ಬಿದ್ದ ಮಳೆ ಮತ್ತೆ ಮೋಡಕ್ಕೆ ಹೋಗದಂತೆ ಗೆರೆ ಎಳೆಯುವುದು ಹೇಗೆ?

ಹೊಸಪೇಟೆ–ಬಳ್ಳಾರಿ ರೈಲುದಾರಿಯಲ್ಲಿರುವ ಗಾದಿಗನೂರಿನಲ್ಲಿ ಸಂಜೆ ಜೋರು ಮಳೆ ಬಂತು ಎಂದಿಟ್ಟುಕೊಳ್ಳಿ. ಮಳೆಮಾಪಕವನ್ನು ಗಂಟೆಗೊಮ್ಮೆ ನೋಡಿ, ಅಲ್ಲಿಯವರೆಗೆ ಬಿದ್ದ ಒಟ್ಟು ಮಳೆಯನ್ನು ಬರೆದಿದ್ದೀರಿ: 4 ಗಂಟೆಗೆ 0, 5ಕ್ಕೆ 2, 6ಕ್ಕೆ 32, 7ಕ್ಕೆ 34, 8ಕ್ಕೂ 34 ಮಿ.ಮೀ. (ಅಂಕಿಗಳು ಉದಾಹರಣೆಗಷ್ಟೇ.) ಸಂಡೂರಿನ ಗೆಳೆಯರು ನಾಲ್ಕೂವರೆ, ಐದೂವರೆ, ಆರೂವರೆ ಹೀಗೆ ನೋಡಿ ಬರೆದಿದ್ದಾರೆ. ಎರಡನ್ನೂ ಹೋಲಿಸಬೇಕಾದರೆ ನಮ್ಮಲ್ಲಿ ಆರೂವರೆಗೆ ಎಷ್ಟಾಗಿತ್ತು ಎಂಬುದು ಬೇಕು.

ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿದರೆ 33 ಬರುತ್ತದೆ, ಆದರೆ ಪ್ರತಿ ಗಂಟೆಗೂ ಮೊಣಕೈಯಂಥ ಮೂಲೆ ಏಳುತ್ತದೆ. ಮೂಲೆ ಬೇಡವೆಂದರೆ ಎರಡೆರಡು ಬಿಂದುಗಳ ನಡುವೆ ಒಂದೊಂದು ಘನ ವಕ್ರರೇಖೆ ಹಾಕಬೇಕು. ಆ ವಕ್ರರೇಖೆ ಹೇಗೆ ಬಾಗುತ್ತದೆ ಎಂಬುದು ಎರಡೂ ತುದಿಯಲ್ಲಿ ನಾವು ಕೊಡುವ ಇಳಿಜಾರನ್ನು ಅವಲಂಬಿಸಿದೆ. ಎಡವುವುದೂ ಇಲ್ಲೇ.

ಮೊದಲು ಗಂಟೆಗಂಟೆಯ ಏರಿಕೆ ಬರೆದುಕೊಳ್ಳಿ: 2, 30, 2, 0. ಅಕ್ಕಪಕ್ಕದ ಎರಡರ ಸರಾಸರಿಯೇ ಇಳಿಜಾರು ಎಂದರೆ 5 ಮತ್ತು 6 ಗಂಟೆಗೆ 16, 7 ಗಂಟೆಗೆ 1. ನಾಲ್ಕಕ್ಕೆ ಮೊದಲ ಏರಿಕೆಯಾದ 2 ಇರಲಿ. ಕೈಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ: ಅಂತರ ಒಂದು ಗಂಟೆಯಾದಾಗ ನಟ್ಟನಡುವಿನ ಬೆಲೆ ಎಂದರೆ ಎರಡು ತುದಿಗಳ ಸರಾಸರಿಗೆ, ಎಡ ಇಳಿಜಾರಿನಿಂದ ಬಲದ್ದನ್ನು ಕಳೆದು ಎಂಟರಿಂದ ಭಾಗಿಸಿದ್ದನ್ನು ಕೂಡಿಸಿದ್ದು. ನಾಲ್ಕೂವರೆಗೆ 1 + (2 − 16)/8 = −0.75. ಸೊನ್ನೆಗಿಂತ ಕಡಿಮೆ ಮಳೆ! ಆರೂವರೆಗೆ 33 + (16 − 1)/8 = 34.875, ಆದರೆ ಏಳಕ್ಕೆ ಮಾಪಕದಲ್ಲಿರುವುದು 34. ಬಿದ್ದ ಮಳೆ ವಾಪಸು ಹೋದಂತಾಯಿತು.

1980ರಲ್ಲಿ ಫ್ರಿಚ್ ಮತ್ತು ಕಾರ್ಲ್‌ಸನ್ ಇದಕ್ಕೆ ಕಟ್ಟುಪಾಡು ಹಾಕಿದರು. ಏರುತ್ತಿರುವ ತುಂಡಿನಲ್ಲಿ ಎರಡೂ ತುದಿಯ ಇಳಿಜಾರು ಸೊನ್ನೆಗಿಂತ ಕಡಿಮೆಯಿರದೆ, ಆ ತುಂಡಿನ ಸರಾಸರಿ ಏರಿಕೆಯ ಮೂರು ಪಟ್ಟು ಮೀರದಿದ್ದರೆ ವಕ್ರರೇಖೆ ಎಲ್ಲೂ ಹಿಂದಕ್ಕೆ ಬಾಗುವುದಿಲ್ಲ. ನಮ್ಮ ಮೊದಲ ತುಂಡಿನಲ್ಲಿ ಮಿತಿ 6 ಇತ್ತು. ನಾವು ಕೊಟ್ಟದ್ದು 16.

ಮಿತಿಯೊಳಗೇ ಇರುವ ಇಳಿಜಾರನ್ನು ಆರಿಸಲು ನಾನು ಮೆಚ್ಚುವ ದಾರಿ ಹಾರ್ಮೋನಿಕ್ ಸರಾಸರಿಯದು. ಅಕ್ಕಪಕ್ಕದ ಏರಿಕೆಗಳು a, b ಆಗಿದ್ದು, ಎರಡೂ ಒಂದೇ ದಿಕ್ಕಿನವಾದರೆ:

```
m = 2ab/(a+b)
```

ಒಂದು ಸೊನ್ನೆಯಾದರೆ, ಅಥವಾ ಒಂದು ಏರಿ ಇನ್ನೊಂದು ಇಳಿದರೆ, m = 0. ಈ ಸರಾಸರಿ ಚಿಕ್ಕದರ ಕಡೆಗೇ ವಾಲುತ್ತದೆ. ಅದರ ಎರಡು ಪಟ್ಟನ್ನು ಎಂದೂ ದಾಟದು. 5 ಮತ್ತು 6 ಗಂಟೆಗೆ 2×2×30/32 = 3.75. ಏಳಕ್ಕೆ, ಮುಂದಿನ ಗಂಟೆ ಮಳೆಯೇ ಇಲ್ಲವಾದ್ದರಿಂದ, 0. ಎರಡು ತುದಿಯ ಬಿಂದುಗಳಿಗೆ ಒಂದೇ ನೆರೆ. ಅಲ್ಲಿ ತುದಿಗೆ ಹತ್ತಿರದ ಏರಿಕೆಯ ಮೂರು ಪಟ್ಟಿನಿಂದ ಅದರ ಪಕ್ಕದ್ದನ್ನು ಕಳೆದು ಅರ್ಧ ಮಾಡಿ: ನಾಲ್ಕಕ್ಕೆ (6 − 30)/2 = −12. ಚಿಹ್ನೆ ತಿರುಗಿತು, ಆದ್ದರಿಂದ 0. ಎಂಟು ಗಂಟೆಗೂ ಹೀಗೇ 0.

ಈಗ ನಾಲ್ಕೂವರೆಗೆ 0.53, ಆರೂವರೆಗೆ 33.47. ಏಳರಿಂದ ಎಂಟರವರೆಗೆ ಗೆರೆ ಚಪ್ಪಟೆ. ಕಂಪ್ಯೂಟರಿನಲ್ಲಿ:

```python
from scipy.interpolate import PchipInterpolator
t = [16, 17, 18, 19, 20]
p = [0, 2, 32, 34, 34]
f = PchipInterpolator(t, p, extrapolate=False)
print(f(18.5))   # 33.46875
```

`extrapolate=False` ಬಿಡಬೇಡಿ. ಬಿಟ್ಟರೆ ಎಂಟು ಗಂಟೆಯ ಆಚೆಗೂ ಅದು ಸುಮ್ಮನೆ ಉತ್ತರ ಕೊಡುತ್ತದೆ. ಓದುಗಳ ನಡುವಿನ ಅಂತರ ಸಮನಾಗಿಲ್ಲದಿದ್ದರೆ ಮೇಲಿನ ಸರಳ ಸೂತ್ರಗಳು ಸಾಲವು, ಅಂತರಕ್ಕೆ ತಕ್ಕ ತೂಕ ಕೊಡಬೇಕು; ಈ ಪ್ರೋಗ್ರಾಂ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ಮಾಪಕ ಖಾಲಿ ಮಾಡಿದಾಗ ಒಟ್ಟು ಮಳೆ 34ರಿಂದ 0ಗೆ ಬಿದ್ದದ್ದನ್ನು ಅದು ತಿದ್ದುವುದಿಲ್ಲ. ಹಳೆಯ ಮೊತ್ತವನ್ನು ನೀವೇ ಕೂಡಿಸಿಕೊಂಡು ಕೊಡಬೇಕು.

ಇದೇ ವಿಧಾನವನ್ನು ದಿನದ ಉಷ್ಣಾಂಶಕ್ಕೆ ಹಚ್ಚಿದರೆ ಮೋಸ ಹೋಗುತ್ತೀರಿ. ಏರಿ ಇಳಿಯುವ ಬಿಂದುವಿನಲ್ಲಿ ಇಳಿಜಾರು ಸೊನ್ನೆಯಾಗುವುದರಿಂದ, ನೀವು ಅಳೆದ ಅತಿ ಹೆಚ್ಚಿನ ಓದೇ ಶಿಖರವಾಗುತ್ತದೆ. ನಿಜವಾದ ಮಧ್ಯಾಹ್ನದ ಬಿಸಿ ಎರಡು ಓದುಗಳ ನಡುವೆ ಇದ್ದಿರಬಹುದು. ಮಳೆಯ ಬಿರುಸನ್ನೂ ಈ ಗೆರೆಯಿಂದ ಓದಬೇಡಿ. ಐದೂವರೆಗೆ ಇಳಿಜಾರು ಲೆಕ್ಕ ಹಾಕಿದರೆ ಗಂಟೆಗೆ 43 ಮಿ.ಮೀ. ಬರುತ್ತದೆ. ಮಾಪಕ ಹೇಳಿದ್ದು ಆ ಗಂಟೆಯಲ್ಲಿ 30 ಬಿತ್ತು ಎಂದಷ್ಟೇ. 43 ಗೆರೆಯ ಬಾಗು ಹುಟ್ಟಿಸಿದ ಅಂಕಿ. ವರದಿಯಲ್ಲಿ ಬರೆಯುವಾಗ 30 ಎಂದೇ ಬರೆಯಿರಿ.