ಹಬ್ಬದ ರೀಲ್‌ಗೆ ದಿಲ್‌ಪಸಂದ್ ಒಂದೇ ಸಾಕು

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಅಯ್ಯಂಗಾರ್ ಬೇಕರಿ. ದೀಪಾವಳಿಗೆ ರೀಲ್ ಮಾಡಬೇಕೆಂದಿದ್ದೇನೆ. ಕೈಯಲ್ಲಿರುವುದು 500 ರೂಪಾಯಿ ಮತ್ತು ನನ್ನ ಫೋನ್. ಕಳೆದ ವರ್ಷ ಸಿನಿಮಾ ಹಾಡು ಹಾಕಿ, ಶೋಕೇಸಿನಲ್ಲಿದ್ದುದನ್ನೆಲ್ಲ ತೋರಿಸಿದ್ದೆ. ನೋಡಿದವರು ಸಾವಿರಾರು ಮಂದಿ, ಆರ್ಡರ್ ಮಾತ್ರ ಬರಲಿಲ್ಲ. ‘ಇದೆಲ್ಲ ನಮಗೆ ಆಗೋದಲ್ಲ ಬಿಡು’ ಅಂತಾರೆ ಅಪ್ಪ. ಏನು ಮಾಡಲಿ?

ಉತ್ತರ: ಕಳೆದ ವರ್ಷದ ರೀಲ್ ನೋಡಿದವರಿಗೆ ಏನು ಕೊಳ್ಳಬೇಕು, ಅಂಗಡಿ ಎಲ್ಲಿದೆ, ಯಾವತ್ತಿನೊಳಗೆ ಹೇಳಬೇಕು ಎಂಬುದು ತಿಳಿದಿರಲಾರದು. ಈ ಸಲ ಆ ಮೂರನ್ನು ಮಾತ್ರ ಹೇಳಿ. ತಿಂಡಿಯೂ ಒಂದೇ ಇರಲಿ. ನನ್ನ ಆಯ್ಕೆ ದಿಲ್‌ಪಸಂದ್. ಕತ್ತರಿಸಿದಾಗ ಒಳಗಿನ ಕೊಬ್ಬರಿ, ಟೂಟಿ ಫ್ರೂಟಿ ಕಣ್ಣಿಗೆ ಕಟ್ಟುತ್ತದೆ. ಖಾರಾ ಬಿಸ್ಕತ್ತು ಎಷ್ಟೇ ರುಚಿಯಾಗಿದ್ದರೂ ಚಿತ್ರದಲ್ಲಿ ಅಷ್ಟು ಒದಗುವುದಿಲ್ಲ.

ಮೊದಲು ಅಪ್ಪನ ಹತ್ತಿರ ಕೂತು ಒಂದು ಲೆಕ್ಕ ಹಾಕಿ. ಹಬ್ಬದ ವಾರದಲ್ಲಿ ಬನ್ನು, ಬ್ರೆಡ್ಡಿನ ಕೆಲಸ ಮುಗಿಸಿ ದಿನಕ್ಕೆ ಎಷ್ಟು ಬಾಕ್ಸ್ ದಿಲ್‌ಪಸಂದ್ ಮಾಡಬಹುದು? 60 ಅಂದರೆ, ರೀಲ್‌ನಲ್ಲೂ 60 ಅಂತಲೇ ಹೇಳಿ. ಒಪ್ಪಿಕೊಂಡ ಆರ್ಡರನ್ನು ಹಬ್ಬದ ದಿನ ಕೊಡಲಾಗದಿದ್ದರೆ ಬೀದಿಯ ಗಿರಾಕಿಗಳೇ ಕೈತಪ್ಪುತ್ತಾರೆ.

ಇನ್ನು ಸ್ಕ್ರಿಪ್ಟ್. ಒಟ್ಟು 20 ಸೆಕೆಂಡ್, ಫೋನ್ ನೆಟ್ಟಗೆ ನಿಂತಿರಲಿ. ಮೊದಲ 3 ಸೆಕೆಂಡ್ ಚಾಕು ದಿಲ್‌ಪಸಂದಿನೊಳಗೆ ಇಳಿಯುವುದು, ಒಂದು ತುಂಡು ಈಚೆ ಬರುವುದು. ಮೇಲೆ ಬರಹ: ‘ದೀಪಾವಳಿಗೆ ದಿಲ್‌ಪಸಂದ್, ಮೊಟ್ಟೆ ಇಲ್ಲ’. ಹಬ್ಬದ ಮನೆಯವರು ಮೊದಲು ಕೇಳುವುದೇ ಅದನ್ನು. ಮುಂದಿನ 5 ಸೆಕೆಂಡ್ ಅಪ್ಪನ ಕೈ ಹಿಟ್ಟಿನ ಮೇಲೆ ಹೂರಣ ಹರಡುವುದು. ಆಮೇಲೆ 4 ಸೆಕೆಂಡ್ ಟ್ರೇ ಓವನ್ನಿನಿಂದ ಹೊರಬರುವುದು. ಮತ್ತೆ 4 ಸೆಕೆಂಡ್ ಬಾಕ್ಸ್ ಕಟ್ಟುವುದು, ಅಲ್ಲಿ ಬೆಲೆ ಬರಲಿ. ಕೊನೆಯ 4 ಸೆಕೆಂಡ್ ಅಂಗಡಿಯ ಬೋರ್ಡು, ಪಕ್ಕದ ದೇವಸ್ಥಾನವೋ ಬಸ್ ಸ್ಟಾಪೋ ಸೇರಿದಂತೆ. ಅದರ ಮೇಲೆ ಫೋನ್ ನಂಬರ್ ಮತ್ತು ಅಪ್ಪನ ಮಾತು: ‘ದಿನಕ್ಕೆ 60 ಬಾಕ್ಸ್ ಮಾಡ್ತೀವಿ. ನೀರು ತುಂಬೋ ಹಬ್ಬದ ಹಿಂದಿನ ದಿನದೊಳಗೆ ಹೇಳಿಬಿಡಿ.’ ಕ್ಯಾಮೆರಾ ಮುಂದೆ ನಿಲ್ಲಲು ಅವರಿಗೆ ಸಂಕೋಚವಾದರೆ ದನಿ ಮಾತ್ರ ಬೇರೆ ರೆಕಾರ್ಡ್ ಮಾಡಿಕೊಳ್ಳಿ. ಆ ದನಿಯನ್ನು ಬೀದಿಯವರೆಲ್ಲ ಬಲ್ಲರು, ಅದಕ್ಕೇ ಅದು ಬೇಕು. ಸದ್ದಿಲ್ಲದೆ ನೋಡುವವರಿಗಾಗಿ ಅದೇ ಮಾತು ಅಕ್ಷರದಲ್ಲೂ ಇರಲಿ.

ಸಿನಿಮಾ ಹಾಡು ಬೇಡ. ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗಳಿಗೆ ಹೆಚ್ಚಿನ ಜನಪ್ರಿಯ ಹಾಡುಗಳು ಸಿಗುವುದಿಲ್ಲ. ಬೇರೆ ಕಡೆಯಿಂದ ತಂದು ಅಂಟಿಸಿದರೆ ಸದ್ದನ್ನೇ ತೆಗೆದುಹಾಕಬಹುದು. ಫ್ಯಾನ್, ಮಿಕ್ಸರ್ ಆರಿಸಿ, ಫೋನನ್ನು ಹತ್ತಿರ ಹಿಡಿದು ಚಾಕುವಿನ ಸದ್ದನ್ನು ತೆಗೆದುಕೊಳ್ಳಿ.

ಚಿತ್ರ ಕೆಡುವುದು ಹೆಚ್ಚಾಗಿ ಬೆಳಕಿನಿಂದ. ಅಂಗಡಿಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಕಣ್ಣಿಗೆ ಕಾಣದಂತೆ ಮಿನುಗುತ್ತವೆ. ಕ್ಯಾಮೆರಾದಲ್ಲಿ ಅದು ಕಪ್ಪು ಪಟ್ಟೆಗಳಾಗಿ ಹರಿದಾಡುತ್ತದೆ. ಪಟ್ಟೆ ಕಂಡರೆ ಲೈಟ್ ಆರಿಸಿ, ಬೆಳಿಗ್ಗೆ ಬಾಗಿಲ ಹತ್ತಿರ ಮೇಜು ಹಾಕಿ. ಬೆಳಕು ಒಂದು ಪಕ್ಕದಿಂದ ಬರಲಿ, ಇನ್ನೊಂದು ಪಕ್ಕದ ನೆರಳಿಗೆ ಬಿಳಿ ಥರ್ಮಕೋಲ್ ಹಾಳೆ ನಿಲ್ಲಿಸಿ. ನಿಮ್ಮ 500 ರೂಪಾಯಿಯಲ್ಲಿ ಕೊಳ್ಳಬೇಕಾದದ್ದು ಆ ಹಾಳೆ ಮತ್ತು ಸಣ್ಣದೊಂದು ಫೋನ್ ಸ್ಟ್ಯಾಂಡ್, ಅಷ್ಟೇ. ಬೇಕರಿಯಲ್ಲಿ ಲೆನ್ಸಿಗೆ ಜಿಡ್ಡು ಕೂರುತ್ತದೆ. ಚಿತ್ರವೆಲ್ಲ ಮಂಜು ಮಂಜಾಗಿ ಕಂಡರೆ ಅದೇ ಕಾರಣ, ಹತ್ತಿ ಬಟ್ಟೆಯಿಂದ ಒರೆಸಿ. ಟ್ರೇ ಹೊಳಪಿಗೆ ಫೋನ್ ತಾನೇ ಬೆಳಕು ಹೆಚ್ಚುಕಮ್ಮಿ ಮಾಡುತ್ತದೆ. ಪರದೆಯ ಮೇಲೆ ದಿಲ್‌ಪಸಂದ್ ಇರುವ ಕಡೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ.

ಕತ್ತರಿಸುವ ಹೊತ್ತನ್ನೂ ನೋಡಿಕೊಳ್ಳಿ. ಸುಡುಸುಡುವಾಗ ಚಾಕು ಹಾಕಿದರೆ ಹೂರಣ ಉದುರಿ ಪದರ ಕುಸಿಯುತ್ತದೆ. ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಗರಗಸದ ಹಲ್ಲಿನ ಬ್ರೆಡ್ ಚಾಕುವಿನಿಂದ ಕುಯ್ಯಿರಿ. ಒಂದೇ ಶಾಟ್‌ಗೆ ಎರಡು ಮೂರು ದಿಲ್‌ಪಸಂದ್ ಹೋದೀತು. ಅದಕ್ಕೆ ಜಿಪುಣತನ ಮಾಡಬೇಡಿ, ಇಡೀ ರೀಲ್ ನಿಂತಿರುವುದು ಆ 3 ಸೆಕೆಂಡಿನ ಮೇಲೆ. ಬರಹವನ್ನು ಪರದೆಯ ನಡುಭಾಗದಲ್ಲಿಡಿ. ಕೆಳಗೂ ಬಲಕ್ಕೂ ಇನ್‌ಸ್ಟಾಗ್ರಾಂನ ಗುಂಡಿಗಳು, ಕ್ಯಾಪ್ಶನ್ ಬಂದು ಮುಚ್ಚುತ್ತವೆ.

ಆರ್ಡರ್ ಕೊನೆಯ ದಿನಕ್ಕೆ ಐದಾರು ದಿನ ಮೊದಲೇ ರೀಲ್ ಹಾಕಿ. ವಾಟ್ಸಾಪ್ ಸ್ಟೇಟಸ್ಸಿಗೂ, ಬಡಾವಣೆಯ ಗುಂಪುಗಳಿಗೂ ಅದೇ ವಿಡಿಯೋ ಹೋಗಲಿ. ನಿಮ್ಮ ಗಿರಾಕಿಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಎಷ್ಟು ಮಂದಿ ನೋಡಿದರೆಂದು ಎಣಿಸುವ ಬದಲು, ಆರ್ಡರ್ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ‘ಎಲ್ಲಿ ನೋಡಿದಿರಿ?’ ಎಂಬ ಪ್ರಶ್ನೆಯ ಉತ್ತರ ಬರೆದುಕೊಳ್ಳಿ. ಒಂದು ದಿನದ 60 ತುಂಬಿದ ಕೂಡಲೇ ‘ಇವತ್ತಿನದು ಮುಗಿಯಿತು, ನಾಳೆಯದಕ್ಕೆ ಹೇಳಿ’ ಎಂದು ಕಾಮೆಂಟ್ ಬರೆದು ಮೇಲೆ ಪಿನ್ ಮಾಡಿ.