ಗಿರಾಕಿಯ ಪತ್ರಕ್ಕೆ ತಾನಾಗಿ ಹೋಗುವ ಮೊದಲ ಉತ್ತರ

ನಮ್ಮ ಸದಸ್ಯ ಬೆಳೆಗಾರರಲ್ಲಿ ಕೆಲವರು ಕಾಫಿಯನ್ನು ಹುರಿದು ಪುಡಿ ಮಾಡಿ, ಕಾಳುಮೆಣಸು, ಏಲಕ್ಕಿಗಳನ್ನು ಪೊಟ್ಟಣ ಕಟ್ಟಿ ನೇರವಾಗಿ ಪಟ್ಟಣದ ಗಿರಾಕಿಗಳಿಗೆ ಕಳುಹಿಸುತ್ತಿದ್ದಾರೆ. ಹೀಗೆ ಮಾರುವವರ ಇ-ಮೇಲ್ ಪೆಟ್ಟಿಗೆಗೆ ಬೆಲೆ ವಿಚಾರಣೆಯೂ ಬರುತ್ತದೆ, ದೂರೂ ಬರುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯುವ ದಿನ, ಕಾಫಿ ಕೊಯ್ಲಿನ ದಿನ ಆ ಪೆಟ್ಟಿಗೆಯನ್ನು ತೆರೆದು ನೋಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಬರೆದವರಿಗೆ ಮಾತ್ರ ತಮ್ಮ ಪತ್ರ ತಲುಪಿತೋ ಇಲ್ಲವೋ ತಿಳಿಯದೆ ಕಸಿವಿಸಿಯಾಗುತ್ತದೆ. ಪತ್ರ ಬಂದೊಡನೆ ತಾನಾಗಿ ಒಂದು ಉತ್ತರ ಹೋಗುವಂತೆ ಏರ್ಪಡಿಸುವ ಸೌಕರ್ಯ ಜಿಮೇಲ್‌ನಲ್ಲಿ ಖರ್ಚಿಲ್ಲದೆ ಸಿಗುತ್ತದೆ. ಏರ್ಪಾಟು ಸುಲಭ, ಆ ಉತ್ತರದಲ್ಲಿ ಏನು ಬರೆಯಬೇಕೆಂಬುದೇ ಕಷ್ಟ. ಈ ಪಾಠದಲ್ಲಿ ಹೆಚ್ಚಾಗಿ ಅದನ್ನೇ ವಿಚಾರ ಮಾಡೋಣ.

ಸಾಮಾನ್ಯವಾಗಿ ಕಾಣಸಿಗುವ ಮಾದರಿಯೊಂದನ್ನು ಮೊದಲು ನೋಡೋಣ:

“ನಮ್ಮನ್ನು ಸಂಪರ್ಕಿಸಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಪತ್ರ ನಮಗೆ ಅಮೂಲ್ಯವಾದುದು. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಆದಷ್ಟು ಬೇಗ ಉತ್ತರಿಸುತ್ತೇವೆ.”

ಓದಲು ವಿನಯವಾಗಿಯೇ ಇದೆ. ಆದರೆ ಇದು ಯಾರ ಕೈಗೆ ಹೋಗುತ್ತದೆಂದು ಯೋಚಿಸಬೇಕು. ಒಬ್ಬರು ಮನೆಯ ಮದುವೆಗೆ ಹತ್ತು ಕಿಲೋ ಕಾಫಿಪುಡಿ ಬೇಕೆಂದು ಬೆಲೆ ಕೇಳಿದ್ದಾರೆ. ಇನ್ನೊಬ್ಬರಿಗೆ ಹೋದ ಕಾಳುಮೆಣಸು ದಾರಿಯಲ್ಲಿ ನೆನೆದು ಬೂಸಲು ಹಿಡಿದಿದೆ. ಮೂರನೆಯವರು ಪುಡಿ ಚೆನ್ನಾಗಿತ್ತೆಂದು ನಾಲ್ಕು ಒಳ್ಳೆಯ ಮಾತು ಬರೆದಿದ್ದಾರೆ. ಮೂವರಿಗೂ ಹೋಗುವುದು ಒಂದೇ ಉತ್ತರ. ಬೆಲೆ ಕೇಳಿದವರಿಗೆ “ವಿಷಾದಿಸುತ್ತೇವೆ” ಎಂದರೆ ಪುಡಿ ಇಲ್ಲವೆಂದೇ ಅವರು ತಿಳಿದಾರು. ಹೊಗಳಿ ಬರೆದವರು ನಕ್ಕಾರು. ಬೂಸಲು ಮೆಣಸಿನವರಿಗಂತೂ “ಹೃತ್ಪೂರ್ವಕ ಧನ್ಯವಾದ” ಎಂಬುದು ಗಾಯಕ್ಕೆ ಉಪ್ಪು ಸವರಿದಂತೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಯಂತ್ರಕ್ಕೆ ಪತ್ರದಲ್ಲಿ ಏನಿದೆಯೆಂದು ಗೊತ್ತಿಲ್ಲ, ಗೊತ್ತಿದ್ದಂತೆ ನಟಿಸಿದ್ದೇ ಇಲ್ಲಿನ ದೋಷ.

ಆದ್ದರಿಂದ ನಾವು ಒಂದೇ ಪರೀಕ್ಷೆಯನ್ನು ಹೇಳುತ್ತೇವೆ. ಉತ್ತರದ ಒಂದೊಂದು ವಾಕ್ಯವನ್ನೂ ಈ ಮೂವರ ಪರವಾಗಿ ಓದಬೇಕು. ಮೂವರಿಗೂ ನಿಜವಾಗುವ ವಾಕ್ಯವನ್ನು ಮಾತ್ರ ಇಟ್ಟುಕೊಳ್ಳಬೇಕು. ಒಬ್ಬರಿಗೆ ಮಾತ್ರ ಸಲ್ಲುವ ಮಾತನ್ನು “ಹೀಗಾಗಿದ್ದರೆ” ಎಂದು ಷರತ್ತು ಹಾಕಿ ಬರೆಯಬೇಕು. “ಆದಷ್ಟು ಬೇಗ” ಎಂಬುದೂ ಈ ಪರೀಕ್ಷೆಯಲ್ಲಿ ನಿಲ್ಲದು. ಒಬ್ಬರು ಅದನ್ನು ಸಂಜೆಯೊಳಗೆಂದು ಓದುತ್ತಾರೆ, ಇನ್ನೊಬ್ಬರು ವಾರದೊಳಗೆಂದು. ಅದರ ಬದಲು ಒಂದು ಅವಧಿಯನ್ನೇ ಹೇಳಬೇಕು.

ಅವಧಿಯನ್ನು ಮನಸ್ಸಿಗೆ ತೋಚಿದಂತೆ ಬರೆಯುವಂತಿಲ್ಲ. ಹಿಂದೆ ಬಂದ ಪತ್ರಗಳಿಗೆ ನಾವು ನಿಜವಾಗಿ ಯಾವಾಗ ಉತ್ತರಿಸಿದೆವೆಂದು ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ, ಕಾಫಿಪುಡಿ ಮತ್ತು ಮೆಣಸು ಮಾರುವ ಒಂದು ಸಣ್ಣ ಗುಂಪಿಗೆ ಕಳೆದ ತಿಂಗಳು 20 ಪತ್ರ ಬಂದಿವೆ ಎಂದಿಟ್ಟುಕೊಳ್ಳೋಣ. ರಜಾದಿನ ಬಿಟ್ಟು ಎಣಿಸಿದಾಗ 11 ಪತ್ರಗಳಿಗೆ ಅದೇ ದಿನ, 6 ಪತ್ರಗಳಿಗೆ ಮರುದಿನ, 2 ಪತ್ರಗಳಿಗೆ ಎರಡು ದಿನ ಕಳೆದು, ಉಳಿದ ಒಂದಕ್ಕೆ ನಾಲ್ಕು ದಿನ ಕಳೆದು ಉತ್ತರ ಹೋಗಿದೆ. ಸರಾಸರಿ ತೆಗೆದರೆ ಒಂದು ದಿನವೂ ಆಗುವುದಿಲ್ಲ. ಅದನ್ನು ನಂಬಿ “ಒಂದು ದಿನದೊಳಗೆ ಉತ್ತರ” ಎಂದು ಬರೆದರೆ 20ರಲ್ಲಿ ಮೂವರಿಗೆ ಮಾತು ತಪ್ಪಿದಂತಾಯಿತು. ಹೀಗೆ ತಡವಾಗುವುದು ಹೆಚ್ಚಾಗಿ ದೂರಿನ ಪತ್ರಗಳೇ, ಏಕೆಂದರೆ ಅವಕ್ಕೆ ಉತ್ತರಿಸಲು ಕೊರಿಯರ್‌ನವರನ್ನು ಕೇಳಬೇಕು, ಪುಡಿ ಯಾವ ದಿನ ಹುರಿದದ್ದೆಂದು ನೋಡಬೇಕು. ಅಂದರೆ ಮೊದಲೇ ಬೇಸರಗೊಂಡವರಿಗೇ ಎರಡನೆಯ ಸಲ ಬೇಸರ. “ಎರಡು ದಿನ” ಎಂದು ಬರೆದರೆ 19 ಪತ್ರಗಳಿಗೆ ಮಾತು ಉಳಿಯುತ್ತದೆ. ಉಳಿದ ಒಂದಕ್ಕೆ ಎರಡನೆಯ ದಿನ ಯಾರಾದರೂ ಕೈಯಾರೆ “ಇನ್ನೂ ವಿಚಾರಿಸುತ್ತಿದ್ದೇವೆ, ಗುರುವಾರ ತಿಳಿಸುತ್ತೇವೆ” ಎಂದು ಒಂದು ಸಾಲು ಬರೆದರೆ ಸಾಕು. ಸರಾಸರಿಯನ್ನು ಬಿಟ್ಟು, ಹತ್ತರಲ್ಲಿ ಒಂಬತ್ತು ಪತ್ರಗಳಾದರೂ ಒಳಗೆ ಬರುವ ದಿನವನ್ನು ಬರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ದಿನ ಎಣಿಸುವ ಕ್ರಮವನ್ನೂ ಬಿಡಿಸಿ ಹೇಳಬೇಕು. ಶನಿವಾರ ರಾತ್ರಿ ಬರೆದವರು ಎರಡು ದಿನವೆಂದರೆ ಸೋಮವಾರವೆಂದು ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಮಂಗಳವಾರ. ಕೆಳಗಿನ ಮಾದರಿಯಲ್ಲಿ ಇದನ್ನು ಉದಾಹರಣೆ ಸಹಿತ ಬರೆದಿದ್ದೇವೆ.

“ಮಾನ್ಯರೇ,

ನಿಮ್ಮ ಪತ್ರ ನಮಗೆ ತಲುಪಿದೆ. ಇದು ಯಂತ್ರದಿಂದ ತಾನಾಗಿ ಬರುವ ಉತ್ತರ. ನಿಮ್ಮ ಪತ್ರವನ್ನು ನಮ್ಮಲ್ಲೊಬ್ಬರು ಓದಿ ಬೇರೆಯಾಗಿ ಉತ್ತರ ಬರೆಯುತ್ತಾರೆ.

ಆ ಉತ್ತರ, ನಿಮ್ಮ ಪತ್ರ ಬಂದ ದಿನವನ್ನು ಬಿಟ್ಟು, ಎರಡು ಕೆಲಸದ ದಿನಗಳೊಳಗೆ ಸಂಜೆ 5 ಗಂಟೆಗೆ ಮುಂಚೆ ನಿಮಗೆ ಸಿಗುತ್ತದೆ. ಭಾನುವಾರ ನಮಗೆ ರಜೆ; ಶನಿವಾರ ಬರೆದಿದ್ದರೆ ಮಂಗಳವಾರ ಸಂಜೆಯೊಳಗೆ.

ಸಾಮಾನು ಒಡೆದೋ ನೆನೆದೋ ಕೆಟ್ಟೋ ಬಂದಿದ್ದರೆ, ದಯವಿಟ್ಟು ಅದನ್ನು ಬಳಸಬೇಡಿ, ಪೊಟ್ಟಣವನ್ನು ಎಸೆಯಲೂ ಬೇಡಿ. ಪೊಟ್ಟಣದ ಮೇಲಿನ ದಿನಾಂಕ ಕಾಣುವಂತೆ ಒಂದು ಫೋಟೋ ಇದೇ ವಿಳಾಸಕ್ಕೆ ಕಳುಹಿಸಿದರೆ ನಿಮ್ಮನ್ನು ಮತ್ತೆ ಮತ್ತೆ ಕೇಳುವ ತೊಂದರೆ ತಪ್ಪುತ್ತದೆ.

ನಾಲ್ಕು ದಿನಗಳೊಳಗೆ ನೀವು ಇನ್ನೊಮ್ಮೆ ಬರೆದರೆ ಈ ಯಂತ್ರದ ಉತ್ತರ ಮತ್ತೆ ಬಾರದು. ಆದರೂ ನಿಮ್ಮ ಪತ್ರವನ್ನು ನಾವು ನೋಡುತ್ತೇವೆ.

ತುರ್ತು ಇದ್ದರೆ ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ಫೋನ್ ಮಾಡಿ: (ಸಂಖ್ಯೆ).

ಇಂತು,
(ಉತ್ತರಿಸುವವರ ಹೆಸರು), (ಗುಂಪಿನ ಹೆಸರು, ಊರು)”

ಇಲ್ಲಿ ಅಮೂಲ್ಯ, ಹೃತ್ಪೂರ್ವಕ ಮುಂತಾದ ಮಾತುಗಳಿಲ್ಲ. ಆದರೂ ಓದಿದವರಿಗೆ ತಮ್ಮ ವಿಷಯದಲ್ಲಿ ಯಾರಿಗೋ ಕಾಳಜಿ ಇದೆಯೆನಿಸುತ್ತದೆ. ಅದು ಬರುವುದು ಮುಖ್ಯವಾಗಿ ಪೊಟ್ಟಣದ ಸಾಲಿನಿಂದ. ಮೆಣಸು ಬೂಸಲು ಹಿಡಿದವರು ಕೋಪದಲ್ಲಿ ಅದನ್ನು ತಿಪ್ಪೆಗೆ ಸುರಿದುಬಿಟ್ಟರೆ, ಎರಡು ದಿನ ಕಳೆದು ನಾವು “ಫೋಟೋ ಕಳುಹಿಸಿ” ಎಂದಾಗ ಅವರಲ್ಲಿ ತೋರಿಸಲು ಏನೂ ಇರದು. ಕಾಯುವಾಗ ಮಾಡಬೇಕಾದ್ದನ್ನು ಮೊದಲ ಗಳಿಗೆಯಲ್ಲೇ ಹೇಳಿದರೆ ಅವರ ದೂರಿಗೆ ಬಲ ಬರುತ್ತದೆ, ನಮಗೂ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ. ಯಂತ್ರದ ಉತ್ತರವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದೂ ಉದ್ದೇಶಪೂರ್ವಕ. ಪತ್ರ ಕಳುಹಿಸಿದ ಅರೆನಿಮಿಷದಲ್ಲಿ ಬಂದ ಉತ್ತರವನ್ನು ಮನುಷ್ಯರು ಬರೆದರೆಂದು ಯಾರೂ ನಂಬುವುದಿಲ್ಲ. ಕೆಳಗಿನ ಹೆಸರು ಮಾತ್ರ ನಿಜವಾಗಿ ಉತ್ತರಿಸುವವರದೇ ಆಗಿರಬೇಕು. ಹೊರರಾಜ್ಯದ ಗಿರಾಕಿಗಳಿದ್ದರೆ ಕನ್ನಡದ ಕೆಳಗೆ ಇದನ್ನೇ ಇಂಗ್ಲಿಷಿನಲ್ಲಿ ಸೇರಿಸಬಹುದು.

ನಾಲ್ಕು ದಿನದ ಸಾಲು ಏಕೆಂದು ಕೆಲವರು ಕೇಳಬಹುದು. ಜಿಮೇಲ್‌ನ ಈ ಸೌಕರ್ಯ ಮೂಲತಃ ರಜೆಯ ಮೇಲೆ ಹೋಗುವವರಿಗಾಗಿ ಇರುವಂಥದು. ಒಬ್ಬರೇ ವ್ಯಕ್ತಿ ಎಷ್ಟು ಪತ್ರ ಬರೆದರೂ ಸಾಮಾನ್ಯವಾಗಿ ನಾಲ್ಕು ದಿನಗಳಿಗೊಮ್ಮೆ ಮಾತ್ರ ಅದು ಉತ್ತರಿಸುತ್ತದೆ. ನಮ್ಮ ಮಾತಿನಂತೆ ಗಿರಾಕಿ ಮರುದಿನ ಫೋಟೋ ಕಳುಹಿಸಿದಾಗ ಯಾವ ಉತ್ತರವೂ ಹೋಗುವುದಿಲ್ಲ. ಮೊದಲ ಸಲ ಬಂದ ಉತ್ತರ ಎರಡನೆಯ ಸಲ ಬಾರದಿದ್ದರೆ ಫೋಟೋ ತಲುಪಲಿಲ್ಲವೆಂದೇ ಅವರು ಭಾವಿಸಿ ಮೂರನೆಯ ಪತ್ರವನ್ನು ಸಿಟ್ಟಿನಿಂದ ಬರೆಯುತ್ತಾರೆ.

ಇನ್ನೊಂದು ತೊಡಕು Spam ಎಂಬ ಪೆಟ್ಟಿಗೆಯದು. ಬೇಡದ ಪತ್ರವೆಂದು ಜಿಮೇಲ್ ಅಲ್ಲಿಗೆ ತಳ್ಳಿದ್ದಕ್ಕೆ ಈ ಉತ್ತರ ಹೋಗುವುದಿಲ್ಲ. ಗಿರಾಕಿಯ ಒಳ್ಳೆಯ ಪತ್ರವೂ ಕೆಲವೊಮ್ಮೆ ಅಲ್ಲಿ ಬೀಳುತ್ತದೆ. ದಿನಕ್ಕೊಮ್ಮೆ ಅದನ್ನು ತೆರೆದು ನೋಡುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸದಿದ್ದರೆ “ನಿಮ್ಮ ಪತ್ರವನ್ನು ನಾವು ನೋಡುತ್ತೇವೆ” ಎಂದು ಬರೆಯುವ ಹಕ್ಕು ನಮಗಿರದು.

ಈಗ ಏರ್ಪಾಟು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲೆ ಬಲಗಡೆಯ ಹಲ್ಲುಚಕ್ರದ ಗುರುತನ್ನು ಒತ್ತಿ See all settings ಎಂಬಲ್ಲಿಗೆ ಹೋಗಬೇಕು. General ಎಂಬ ಪುಟದ ಕೆಳತುದಿಯ ಬಳಿ Vacation responder ಇದೆ. ಅದನ್ನು on ಮಾಡಿ, First day ಎಂಬಲ್ಲಿ ಆರಂಭದ ದಿನಾಂಕ ಹಾಕಿ, Subject ಎಂಬಲ್ಲಿ “ನಿಮ್ಮ ಪತ್ರ ತಲುಪಿದೆ” ಎಂದೂ Message ಎಂಬಲ್ಲಿ ಮೇಲಿನ ಮಾದರಿಯನ್ನೂ ತುಂಬಬೇಕು. ಅಲ್ಲೇ Only send a response to people in my Contacts ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಬಾರದು. ಹಾಕಿದರೆ ವಿಳಾಸ ಪಟ್ಟಿಯಲ್ಲಿಲ್ಲದ ಹೊಸ ಗಿರಾಕಿಗಳಿಗೆ ಉತ್ತರವೇ ಹೋಗದು. ಕೊನೆಯಲ್ಲಿ Save Changes ಒತ್ತಬೇಕು. ಮನೆಮಂದಿಯ ಪತ್ರಗಳು ಬರುವ ಸ್ವಂತ ಪೆಟ್ಟಿಗೆಯಲ್ಲಿ ಇದನ್ನು ಮಾಡಬೇಡಿ. ಬಂಧುಗಳಿಗೂ “ಮಾನ್ಯರೇ” ಎಂದು ಹೋದೀತು! ಮಾರಾಟಕ್ಕೆಂದೇ ಪ್ರತ್ಯೇಕ ವಿಳಾಸ ಇರಲಿ.

ಅಂತರಜಾಲದ ಮೂಲಕ ಮಾರುವವರು ಕಾನೂನಿನ ಮಾತೊಂದನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರದ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೂರು ಸಿಕ್ಕಿತೆಂದು 48 ಗಂಟೆಗಳೊಳಗೆ ತಿಳಿಸಬೇಕು ಮತ್ತು ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಇವೆರಡು ಬೇರೆ ಬೇರೆ ಅವಧಿಗಳು. ನಮ್ಮ ಮಾದರಿಯಲ್ಲೂ ಎರಡು ದಿನಗಳಲ್ಲಿ ಉತ್ತರ ಬರುತ್ತದೆಂದಿದೆಯೇ ಹೊರತು ಹಣ ವಾಪಸು ಬರುತ್ತದೆಂದಾಗಲಿ, ಹೊಸ ಪೊಟ್ಟಣ ತಲುಪುತ್ತದೆಂದಾಗಲಿ ಇಲ್ಲ. ಯಂತ್ರದ ಕೈಯಲ್ಲಿ ಅಂಥ ಮಾತು ಕೊಡಿಸಬಾರದು.

ಮಳೆಗಾಲಕ್ಕೆ ಬೇರೆ ಬರಹವೇ ಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಫೋನೂ ಅಷ್ಟೆ. ಆದರೆ ತಾನಾಗಿ ಹೋಗುವ ಉತ್ತರ ಜಿಮೇಲ್‌ನವರ ಯಂತ್ರದಿಂದಲೇ ಹೋಗುವುದರಿಂದ ನಮ್ಮ ಊರು ಕತ್ತಲಲ್ಲಿದ್ದರೂ ಅದು ನಿಲ್ಲದು. ಹಾಗಾಗಿ ನಾವು ಓದಲಾರದ ದಿನಗಳಲ್ಲೂ “ಎರಡು ದಿನ” ಎಂದು ಅದು ಸಾರುತ್ತಲೇ ಇರುತ್ತದೆ. ಮೇ ಕೊನೆಯಲ್ಲೇ ಅವಧಿಯನ್ನು ನಾಲ್ಕು ಕೆಲಸದ ದಿನಕ್ಕೆ ಏರಿಸಿ, ಶನಿವಾರದ ಉದಾಹರಣೆಯನ್ನು ಗುರುವಾರಕ್ಕೆ ತಿದ್ದಿ, “ಮಳೆಯಿಂದ ನಮ್ಮಲ್ಲಿ ಕರೆಂಟು, ಫೋನು ಆಗಾಗ ಕೈಕೊಡುತ್ತವೆ” ಎಂದು ಕಾರಣವನ್ನೂ ಸೇರಿಸಬೇಕು. ಕಾರಣ ತಿಳಿದ ಗಿರಾಕಿ ನಾಲ್ಕು ದಿನ ಕಾಯುತ್ತಾರೆ. ತಿದ್ದಿದಾಗಲೆಲ್ಲ ಬೇರೊಬ್ಬರ ವಿಳಾಸದಿಂದ ಒಂದು ಪತ್ರ ಕಳುಹಿಸಿ, ಬಂದ ಉತ್ತರವನ್ನು ಫೋನಿನ ಪರದೆಯ ಮೇಲೆ ಓದಿ ನೋಡಬೇಕು. ಅವಧಿಯ ಸಾಲು ಬೆರಳಿನಿಂದ ಸರಿಸದೆಯೇ ಕಾಣುವಷ್ಟು ಮೇಲಿರಬೇಕು.