ಒಂದೇ ಕನೆಕ್ಷನ್, ಮಹಡಿಯವರಿಗೆ ಬೇರೆ ವೈಫೈ

ಮೈಸೂರಿನಲ್ಲಿ ನನ್ನ ಅಕ್ಕನ ಮನೆಯ ಮಹಡಿಯಲ್ಲಿ ನಾಲ್ವರು ಎಂಜಿನಿಯರಿಂಗ್ ಹುಡುಗರು ಬಾಡಿಗೆಗಿದ್ದಾರೆ. ಬಾಡಿಗೆಯಲ್ಲೇ ವೈಫೈಯೂ ಸೇರಿದೆ. ಪ್ಲಾನ್ 50 ಎಂಬಿಪಿಎಸ್‌ದು. ರಾತ್ರಿ ಒಂಬತ್ತು ದಾಟಿತೆಂದರೆ ಭಾವನ ಆಫೀಸ್ ಮೀಟಿಂಗ್‌ನಲ್ಲಿ ಮಾತು ತುಂಡುತುಂಡಾಗಿ ಕೇಳುತ್ತಿತ್ತು. “ಹುಡುಗ್ರು ಸಿನಿಮಾ ನೋಡ್ತಾರೆ ಕಣೋ, ಅದಕ್ಕೇ ಹೀಗೆ. ಪಾಸ್‌ವರ್ಡ್ ಬದಲಾಯಿಸಿಬಿಡ್ಲಾ?” ಎಂದು ಅಕ್ಕ ಕೇಳಿದಳು.

ತಪ್ಪು ಸಿನಿಮಾದ್ದಾಗಿರಲಿಲ್ಲ. ಎಚ್‌ಡಿ ಸಿನಿಮಾವೊಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ವರೂ ಒಟ್ಟಿಗೆ ನೋಡಿದರೂ 20 ದಾಟುವುದಿಲ್ಲ. ನಿಜವಾದ ಕಾರಣ ಹುಡುಕಲು ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಿದೆ:

```
ping -t 8.8.8.8
```

ಯಾರೂ ನೆಟ್ ಬಳಸದಿದ್ದಾಗ ಉತ್ತರ 9 ಮಿಲಿಸೆಕೆಂಡಿಗೆ ಬರುತ್ತಿತ್ತು. ಮಹಡಿಯ ಹುಡುಗನೊಬ್ಬನಿಗೆ ದೊಡ್ಡ ವಿಡಿಯೊವೊಂದನ್ನು ಡ್ರೈವ್‌ಗೆ ಏರಿಸಲು ಹೇಳಿದೆ. ಸಂಖ್ಯೆ 400ಕ್ಕೆ ಜಿಗಿಯಿತು. ವಿಷಯ ಅಲ್ಲಿತ್ತು. ರಾತ್ರಿ ಫೋನ್ ಚಾರ್ಜಿಗೆ ಹಾಕಿದೊಡನೆ ದಿನದ ಫೋಟೊ, ವಿಡಿಯೊಗಳೆಲ್ಲ ತಾವಾಗಿಯೇ ಬ್ಯಾಕಪ್ ಆಗತೊಡಗುತ್ತವೆ. ಅಪ್‌ಲೋಡ್‌ಗೆ ಇಷ್ಟೇ ಸಾಕು ಎಂಬುದಿಲ್ಲ, ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ. ಬೀದಿ ನಲ್ಲಿಯಲ್ಲಿ ಹತ್ತು ಕೊಡ ಇಟ್ಟವರ ಹಿಂದೆ ಒಂದು ಚೊಂಬು ನೀರಿಗೆ ನಿಂತ ಹಾಗೆ, ಭಾವನ ಮಾತು ಆ ಫೋಟೊಗಳ ಹಿಂದೆ ಸಾಲಿನಲ್ಲಿ ಕಾಯುತ್ತಿತ್ತು. ಹೀಗಾಗಿ ಬಾಡಿಗೆದಾರರಿಗೆ ಮಿತಿ ಹಾಕುವವರು ಡೌನ್‌ಲೋಡ್‌ಗೆ ಮಾತ್ರ ಹಾಕಿ ಅಪ್‌ಲೋಡ್ ಬಿಟ್ಟರೆ ಕೆಲಸ ಅರ್ಧವೂ ಆಗುವುದಿಲ್ಲ.

ಯಾವ ಪೆಟ್ಟಿಗೆಗೆ ಯಾವುದು

ಇಂಟರ್ನೆಟ್ ಕಂಪನಿಯವರು ಗೋಡೆಗೆ ಹಾಕಿಹೋದ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಅಕ್ಕನ ಮನೆಯ ಒಎನ್‌ಟಿಯಲ್ಲಿ ವೇಗಕ್ಕೆ ಮಿತಿ ಹಾಕುವ ಸೌಲಭ್ಯ ಇರಲಿಲ್ಲ. ಬೇರೊಂದು ರೂಟರ್ ತಂದೆವು. ಕೊಳ್ಳುವಾಗ ಎರಡು ವಿಷಯ ಕೇಳಿ: Guest Network ಇದೆಯೇ, ಮತ್ತು ಗೆಸ್ಟ್ ಜಾಲಕ್ಕೆ ಒಟ್ಟಾರೆ ವೇಗದ ಮಿತಿ ಹಾಕಲು ಬರುತ್ತದೆಯೇ. ಎರಡನೆಯದು ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ.

ಒಎನ್‌ಟಿಯ LAN ಕಿಂಡಿಯಿಂದ ಹೊಸ ರೂಟರಿನ WAN ಕಿಂಡಿಗೆ ಒಂದು ಕೇಬಲ್. ರೂಟರ್ Router ಮೋಡ್‌ನಲ್ಲೇ ಇರಬೇಕು. Access Point ಮೋಡ್‌ಗೆ ಹಾಕಿದರೆ ಸಾಮಾನ್ಯವಾಗಿ ವೇಗದ ಮಿತಿ ಕಾಣೆಯಾಗುತ್ತದೆ, ಗೆಸ್ಟ್ ಜಾಲದ ಗೋಡೆಯೂ ಅನೇಕ ಮಾದರಿಗಳಲ್ಲಿ ನಿಲ್ಲುವುದಿಲ್ಲ. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1 ಆಗಿದ್ದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹೊಸದಕ್ಕೆ 192.168.10.1 ಎಂದು ಕೊಡಿ.

ಹೆಚ್ಚಿನವರು ಎಡವುವ ಜಾಗ ಇಲ್ಲೇ ಇದೆ. ಅಕ್ಕನ ಮನೆಯ ಸಿಸಿ ಕ್ಯಾಮೆರಾ ರೆಕಾರ್ಡರ್ ಇನ್ನೂ ಹಳೆಯ ಒಎನ್‌ಟಿಗೇ ಜೋಡಣೆಯಾಗಿತ್ತು. ನನ್ನ ಫೋನನ್ನು ಗೆಸ್ಟ್ ವೈಫೈಗೆ ಹಾಕಿ ರೆಕಾರ್ಡರಿನ ವಿಳಾಸ ಟೈಪ್ ಮಾಡಿದರೆ ಅದರ ಲಾಗಿನ್ ಪುಟ ಸಲೀಸಾಗಿ ತೆರೆದುಕೊಂಡಿತು! ಗೆಸ್ಟ್ ಜಾಲ ಅಡ್ಡಗೋಡೆ ಕಟ್ಟುವುದು ತನ್ನದೇ ರೂಟರಿನ ಒಳಗೆ. ಒಎನ್‌ಟಿ ಇರುವುದು ಆ ರೂಟರಿನ ಹೊರಗೆ, ಇಂಟರ್ನೆಟ್ಟಿಗೆ ಹೋಗುವ ದಾರಿಯಲ್ಲಿ. ಆ ದಾರಿಯಲ್ಲಿ ಏನು ನೇತುಹಾಕಿದರೂ ಗೆಸ್ಟ್‌ಗಳಿಗೆ ಕಾಣುತ್ತದೆ. ಆದ್ದರಿಂದ ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಹೊಸ ರೂಟರಿಗೆ ತನ್ನಿ, ಒಎನ್‌ಟಿಯ ವೈಫೈ ಆಫ್ ಮಾಡಿ, ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಆಮೇಲೆ Guest Network ತೆರೆದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅಲ್ಲಿ ಕಾಣುವ Allow guests to access my local network ಎಂಬುದರ ಗುರುತು ತೆಗೆದಿರಲೇಬೇಕು. ಮಹಡಿಯಲ್ಲಿ ಸಿಗ್ನಲ್ ಸಾಲದೆಂದು LAN ಕಿಂಡಿಯಿಂದ ಕೇಬಲ್ ಎಳೆದುಕೊಡುವ ಆಸೆಗೆ ಬೀಳಬೇಡಿ. ಮನೆಬಳಕೆಯ ಬಹುಪಾಲು ರೂಟರುಗಳಲ್ಲಿ ಗೆಸ್ಟ್ ಜಾಲವೆಂಬುದು ವೈಫೈಗೆ ಮಾತ್ರ. ಕೇಬಲ್ ಹಿಡಿದವರು ನೇರ ನಿಮ್ಮ ಮನೆಯೊಳಗೇ ಬಂದಂತೆ.

ಮಿತಿ ಎಷ್ಟು?

ಪ್ಲಾನ್‌ನಲ್ಲಿ ಬರೆದಿರುವ ಸಂಖ್ಯೆಯನ್ನು ನಂಬಿ ಹೊರಡಬಾರದು. ಕೇಬಲ್ ಸಿಕ್ಕಿಸಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ವೇಗ ಅಳೆಯಿರಿ, ಕಡಿಮೆ ಬಂದದ್ದನ್ನು ಹಿಡಿಯಿರಿ. ನಮಗೆ ಸಿಕ್ಕದ್ದು ಡೌನ್‌ಲೋಡ್ 48, ಅಪ್‌ಲೋಡ್ 46. QoS ಪುಟದಲ್ಲಿ ಒಟ್ಟು ವೇಗ ಕೇಳಿದಾಗ ಇದರ ಶೇ 90ರಷ್ಟು, ಅಂದರೆ 43 ಮತ್ತು 41 ಬರೆದೆವು. ಪೂರ್ತಿ ಬರೆದರೆ ಸಾಲು ಬೆಳೆಯುವುದು ಒಎನ್‌ಟಿಯೊಳಗೆ. ಅಲ್ಲಿ ನಮ್ಮ ರೂಟರಿನ ಮಾತು ನಡೆಯದು. ಸ್ವಲ್ಪ ಬಿಟ್ಟುಕೊಟ್ಟರೆ ಸಾಲು ನಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಯಾರನ್ನು ಮೊದಲು ಬಿಡಬೇಕೆಂದು ಅದು ತೀರ್ಮಾನಿಸಬಲ್ಲದು.

ಗೆಸ್ಟ್ ಜಾಲಕ್ಕೆ ಡೌನ್‌ಲೋಡ್ 25, ಅಪ್‌ಲೋಡ್ 10 ಕೊಟ್ಟೆವು. ನಾಲ್ಕು ಸಿನಿಮಾ ಆಗಿ ಇನ್ನಷ್ಟು ಮಿಗುತ್ತದೆ. ಹುಡುಗರ ಆನ್‌ಲೈನ್ ತರಗತಿಗಳಿಗೂ ಈ ಅಪ್‌ಲೋಡ್ ಧಾರಾಳ. ಸಂಖ್ಯೆ ಬರೆಯುವ ಜಾಗದ ಪಕ್ಕದಲ್ಲಿ Kbps ಎಂದಿದೆಯೋ Mbps ಎಂದಿದೆಯೋ ನೋಡಿಕೊಳ್ಳಿ. Kbps ಇದ್ದಲ್ಲಿ 25000 ಎಂದು ಬರೆಯಬೇಕು. ಬರೀ 25 ಬರೆದರೆ ಒಂದು ಪುಟವೂ ತೆರೆಯುವುದಿಲ್ಲ, ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಸಂಜೆ ಕಳೆಯುತ್ತದೆ.

ಮತ್ತೆ ಅದೇ ಹುಡುಗನಿಂದ ಅದೇ ವಿಡಿಯೊ ಏರಿಸಿಸಿ ping ನೋಡಿದೆ. ಈ ಸಲ 20ರ ಆಸುಪಾಸಿನಲ್ಲೇ ನಿಂತಿತು.

ಒಬ್ಬೊಬ್ಬರ ಫೋನಿಗೂ ಬೇರೆಬೇರೆ ಮಿತಿ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು. ಆದರೆ ರೂಟರ್ ಸಾಧನವನ್ನು ಗುರುತಿಸುವುದು ಅದರ MAC ವಿಳಾಸದಿಂದ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14ರಿಂದೀಚೆಗೆ ಫೋನುಗಳು ನಿಜ ವಿಳಾಸ ಮುಚ್ಚಿಟ್ಟು ವೈಫೈಗೊಂದು ಸುಳ್ಳು ವಿಳಾಸ ಹೇಳುತ್ತವೆ. ಆ ಸುಳ್ಳು ವಿಳಾಸ ಬದಲಾದ ದಿನ ಫೋನು ಪಟ್ಟಿಯಲ್ಲಿ ಹೊಸದಾಗಿ ಕಾಣುತ್ತದೆ, ಹಳೆಯ ಮಿತಿ ಅದಕ್ಕೆ ತಗಲುವುದಿಲ್ಲ. ತಪ್ಪಿಸಿಕೊಳ್ಳಬೇಕೆಂದವನಿಗೆ ಫೋನಿನ ಸೆಟ್ಟಿಂಗ್‌ನಲ್ಲಿ ಎರಡು ಸಲ ಒತ್ತಿದರೆ ಮುಗಿಯಿತು. ಬಾಡಿಗೆದಾರರಿಗೆ ಗೆಸ್ಟ್ ಜಾಲದ ಒಟ್ಟು ಮಿತಿಯೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಸಾಧನವಾರು ಮಿತಿಯನ್ನು ಟಿವಿಯಂಥ ಮನೆಯದೇ ವಸ್ತುಗಳಿಗೆ ಇಟ್ಟುಕೊಳ್ಳಿ. ನಿಮ್ಮ ರೂಟರಿನಲ್ಲಿ ಗೆಸ್ಟ್ ಮಿತಿ ಇಲ್ಲದೇ ಹೋದರೆ ಮಾತ್ರ ಒಂದೊಂದು ಫೋನಿಗೂ ಹಾಕಿ, ಈ ವೈಫೈಗೆ Private Wi-Fi Address ಆಫ್ ಮಾಡಲು ಅವರಿಗೆ ಹೇಳಿ.

ಗೆಸ್ಟ್ ಜಾಲದ ಒಟ್ಟು ಮಿತಿಯಲ್ಲೊಂದು ಕೊರತೆಯಿದೆ. ಹಗಲು ಭಾವ ಆಫೀಸಿಗೆ ಹೋದಮೇಲೆ ಲೈನ್ ಖಾಲಿ ಬಿದ್ದಿದ್ದರೂ ಹುಡುಗರಿಗೆ ಸಿಗುವುದು 25 ಮಾತ್ರ. OpenWrt ಹಾಕಬಹುದಾದ ರೂಟರಿನಲ್ಲಿ CAKE ಎಂಬ ವ್ಯವಸ್ಥೆ ಇದಕ್ಕೆ ಪರಿಹಾರ. ಸಾಧನಗಳಿಗೆಲ್ಲ ಸಮಪಾಲು ಕೊಟ್ಟು, ಒಬ್ಬರಿಗೆ ಬೇಡವಾದದ್ದನ್ನು ಬೇಕಾದವರಿಗೆ ದಾಟಿಸುವಂತೆ ಅದನ್ನು ಹೊಂದಿಸಬಹುದು. ಆದರೆ ಅದನ್ನು ಕೂರಿಸಲು ಕೈಪಳಗಿದವರು ಬೇಕು.

ವೇಗದ ಮಿತಿ ಡೇಟಾ ಮಿತಿಯಲ್ಲ ಎಂಬುದೂ ನೆನಪಿರಲಿ. 25 ಎಂಬಿಪಿಎಸ್ ತಿಂಗಳಿಡೀ ಹರಿದರೆ ಸುಮಾರು 8,100 ಜಿಬಿ ಆಗುತ್ತದೆ. ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಪ್ಲಾನ್‌ಗಳಲ್ಲಿ 3,300 ಜಿಬಿ ದಾಟಿದ ಮೇಲೆ ವೇಗ ಕುಸಿಯುತ್ತದೆ. ಕನೆಕ್ಷನ್ ಮನೆಯೊಡೆಯರ ಹೆಸರಿನಲ್ಲಿ ಇರುವುದರಿಂದ, ಬೇರೆಯವರೊಡನೆ ಹಂಚಿಕೊಳ್ಳುವ ಬಗ್ಗೆ ಕಂಪನಿಯ ಷರತ್ತು ಏನಿದೆ ಎಂದು ಮೊದಲೇ ಓದಿಕೊಳ್ಳಿ.

ಹುಡುಗರಿಗೆ ಅಕ್ಕ ಮಿತಿಯ ವಿಷಯ ಮುಚ್ಚಿಡಲಿಲ್ಲ. 25 ಮತ್ತು 10 ಎಂದು ಚೀಟಿಯಲ್ಲಿ ಬರೆದು ಪಾಸ್‌ವರ್ಡಿನ ಜೊತೆಗೇ ಕೊಟ್ಟಳು. ಪರೀಕ್ಷೆ ಮುಗಿಸಿ ಇವರು ಮನೆ ಖಾಲಿ ಮಾಡಿದ ದಿನ ಗೆಸ್ಟ್ ಪಾಸ್‌ವರ್ಡ್ ಒಂದನ್ನು ಬದಲಿಸಿದರಾಯಿತು. ಕೆಳಮನೆಯ ಟಿವಿ, ಕ್ಯಾಮೆರಾ, ಭಾವನ ಲ್ಯಾಪ್‌ಟಾಪ್ ಯಾವುದನ್ನೂ ಮುಟ್ಟಬೇಕಿಲ್ಲ.